ಟೈಮ್‌ಶೀಟ್ ರಿಮೈಂಡರ್ ತಾನಾಗೇ ಹೋಗೋ ಹಾಗೆ ಮಾಡಿದ್ದು: ನನ್ನ ಅನುಭವ

ಪ್ರತಿ ಸೋಮವಾರ ಬೆಳಗ್ಗೆ ಯಾರ್ಯಾರು ಟೈಮ್‌ಶೀಟ್ ಹಾಕಿಲ್ಲ ಅಂತ ಹುಡುಕಿ ಒಬ್ಬೊಬ್ಬರಿಗೇ ಮೇಲ್ ಹಾಕಿ ಸಾಕಾಗಿತ್ತು, ಅದಕ್ಕೆ ಗೂಗಲ್ ಶೀಟ್ಸ್ ಮತ್ತೆ ಆ್ಯಪ್ಸ್ ಸ್ಕ್ರಿಪ್ಟಲ್ಲಿ ಮಾಡ್ಕೊಂಡೆ. ಮೇಲ್ ಕಳಿಸೋದು ದೊಡ್ಡ ವಿಷಯವೇ ಅಲ್ಲ, `MailApp.sendEmail` ಅಂದ್ರೆ ಮುಗೀತು. ಯಾರಿಗೆ ಕಳಿಸ್ಬೇಕು ಅನ್ನೋದ್ರಲ್ಲೇ ನಾನು ಎಡವಿದ್ದು.

ಮೊದಲು ಟೈಮ್‌ಶೀಟ್ ಎಕ್ಸ್‌ಪೋರ್ಟಲ್ಲಿ ಡ್ರಾಫ್ಟ್ ಅಂತ ಇರೋರನ್ನ ಮಾತ್ರ ಹಿಡಿದಿದ್ದೆ. ಆದ್ರೆ ಏನೂ ತುಂಬದೇ ಇರೋರ ಸಾಲೇ ಅದರಲ್ಲಿ ಬರಲ್ಲ ನೋಡಿ! ಅರ್ಧ ತುಂಬಿದೋರಿಗೆ ರಿಮೈಂಡರ್ ಹೋಯ್ತು, ಮುಟ್ಟೇ ಇಲ್ಲದೋರು ಆರಾಮಾಗಿದ್ರು. ಆಮೇಲೆ ಉಲ್ಟಾ ಮಾಡಿದೆ, ಉದ್ಯೋಗಿಗಳ ಪಟ್ಟಿಯಿಂದ ಶುರು ಮಾಡಿ ಒಬ್ಬೊಬ್ಬರನ್ನೂ ಎಕ್ಸ್‌ಪೋರ್ಟಲ್ಲಿ ಹುಡುಕೋದು. ಪಟ್ಟಿಯಲ್ಲಿ A ಕಾಲಂ ಉದ್ಯೋಗಿ ನಂಬರ್, D ಕಾಲಂ ರಜೆ ಕಳೆದು ಆ ವಾರ ತುಂಬಬೇಕಾದ ಗಂಟೆ, H1ರಲ್ಲಿ ವಾರದ ಕೊನೆಯ ದಿನಾಂಕ. TS ಅನ್ನೋದು ಎಕ್ಸ್‌ಪೋರ್ಟ್ ಇರೋ ಶೀಟ್, ಅದರಲ್ಲಿ A ಉದ್ಯೋಗಿ ನಂಬರ್, B ವಾರದ ಕೊನೆಯ ದಿನಾಂಕ, C ಸ್ಟೇಟಸ್:

```
=IF(D2=0,"NA",IF(COUNTIFS(TS!A:A,A2,TS!B:B,$H$1,TS!C:C,"<>Draft")>0,"OK","Late"))
```

`"<>Draft"` ಯಾಕೆ ಅಂದ್ರೆ, ಮೊದಲು `"Submitted"` ಅಂತ ಹಾಕಿದ್ದೆ, ಮ್ಯಾನೇಜರ್ ಬೇಗ ಅಪ್ರೂವ್ ಮಾಡಿದ್ರೆ ಸ್ಟೇಟಸ್ `Approved` ಆಗಿಬಿಡುತ್ತೆ, ಹಾಗಾಗಿ ಚುರುಕಾಗಿ ಕೆಲ್ಸ ಮಾಡೋ ಮ್ಯಾನೇಜರ್ ಟೀಮೇ ಪೂರ್ತಿ ಲೇಟ್ ಅಂತ ಬಂತು, ಅವರು ಫೋನ್ ಮಾಡಿ ಬೈದಾಗ್ಲೇ ಗೊತ್ತಾಗಿದ್ದು. ನಮ್ಮಲ್ಲಿ ರಿಜೆಕ್ಟ್ ಆದ್ರೆ ವಾಪಸ್ ಡ್ರಾಫ್ಟಿಗೇ ಬರುತ್ತೆ, ನಿಮ್ಮಲ್ಲಿ ಬೇರೆ ಸ್ಟೇಟಸ್ ಇದ್ರೆ ಅದನ್ನೂ ಲೇಟಿಗೆ ಸೇರಿಸ್ಬೇಕು.

ಈಗ ಪ್ರತಿ ಮ್ಯಾನೇಜರಿಗೆ ಹೋಗೋ ಅವರ ಟೀಮಿನ ಸಾರಾಂಶ. ಒಂದು ಟೀಮಲ್ಲಿ 9 ಜನ ಅಂದ್ಕೊಳ್ಳಿ, ಒಬ್ರು ವಾರಪೂರ್ತಿ ರಜೆ, ಅವರು `NA`, ಹಾಗಾಗಿ ಲೆಕ್ಕ 8 ಜನರದ್ದು. ಡೆಡ್‌ಲೈನ್ ಹೊತ್ತಿಗೆ 6 ಜನ ಹಾಕಿದ್ರು, 75%. ರಜೆಯವರನ್ನೂ ಸೇರಿಸಿ 9ರಿಂದ ಭಾಗಿಸಿದ್ರೆ 67% ಅಂತ ಬರುತ್ತೆ, ಅದಕ್ಕೆ ಯಾವ ಮ್ಯಾನೇಜರೂ ಒಪ್ಪಲ್ಲ, ಒಪ್ಪಲೂಬಾರದು.

ಇನ್ನೊಂದು, ರಿಮೈಂಡರ್ ಹೋದ ಮೇಲೆ ಉಳಿದ ಇಬ್ರೂ ಹಾಕಿಬಿಡ್ತಾರೆ, ಸಂಜೆ ಲೆಕ್ಕ ಹಾಕಿದ್ರೆ 100%! ಹೀಗಾದ್ರೆ ಪ್ರತಿವಾರ ಯಾರು ತಡ ಮಾಡ್ತಾರೆ ಅಂತ ಯಾವತ್ತೂ ಕಾಣಲ್ಲ. ಅದಕ್ಕೆ ಸ್ಕ್ರಿಪ್ಟ್ ಮೊದಲು ಆ ಕ್ಷಣದ ಸ್ಟೇಟಸನ್ನ ಬೇರೆ ಶೀಟಿಗೆ ಬರೀ ವ್ಯಾಲ್ಯೂ ಆಗಿ ಕಾಪಿ ಮಾಡುತ್ತೆ, ಆಮೇಲೇ ರಿಮೈಂಡರ್ ಕಳಿಸುತ್ತೆ. ಸಂಜೆ ಮ್ಯಾನೇಜರಿಗೆ ಎರಡೂ ಸಂಖ್ಯೆ ಹೋಗುತ್ತೆ, ಸಮಯಕ್ಕೆ 75%, ಈಗ 100%, ಕೆಳಗೆ ತಡ ಮಾಡಿದೋರ ಹೆಸರು. ಟ್ರಿಗರ್‌ಗೆ 10 ಗಂಟೆ ಅಂತ ಕೊಟ್ರೆ ಅದು 10ರಿಂದ 11ರ ಒಳಗೆ ಯಾವಾಗ ಬೇಕಾದ್ರೂ ಓಡುತ್ತೆ, ಹಾಗಾಗಿ ಜನರಿಗೆ ಹೇಳಿರೋ ಡೆಡ್‌ಲೈನ್ 9:30.

ಅಂದಹಾಗೆ ಮ್ಯಾನೇಜರೂ ಪಟ್ಟಿಯಲ್ಲಿ ಒಬ್ಬ ಉದ್ಯೋಗಿನೇ, ಅವರು ಲೇಟಾದ್ರೆ ಅವರ ಹೆಸರು ಅವರ ಮೇಲಿನವರ ಸಾರಾಂಶದಲ್ಲಿ ಬರುತ್ತೆ. ಇದನ್ನ ಮೊದಲೇ ಹೇಳಿರ್ಲಿಲ್ಲ, ಮೊದಲ ವಾರ ಮೂರು ಜನ ಕೇಳ್ಕೊಂಡು ಬಂದ್ರು.