ಪ್ರತಿ ಲೀಗ್‌ಗೂ ಬೇರೆ ತವರು ಲಾಭ: ನನ್ನ ಅನುಭವ

ತಂಡಗಳ ಬಲಕ್ಕೆ ರೇಟಿಂಗ್ ಕೊಟ್ಟು ಫಲಿತಾಂಶ ಅಂದಾಜಿಸುವ ನನ್ನ ಎಲೋ ಮಾದರಿ ಕೆಲವು ಲೀಗ್‌ಗಳಲ್ಲಿ ತವರು ತಂಡದ ಗೆಲುವನ್ನು ಸದಾ ಕಡಿಮೆ ಅಂದಾಜು ಮಾಡುತ್ತಿತ್ತು. ಇನ್ನು ಕೆಲವದರಲ್ಲಿ ಜಾಸ್ತಿ. ತವರು ತಂಡದ ರೇಟಿಂಗ್‌ಗೆ ಸೇರಿಸುವ ತವರು ಅಂಕವನ್ನು ಎಲ್ಲ ಲೀಗ್‌ಗೂ ಒಂದೇ ಇಟ್ಟಿದ್ದೇ ಕಾರಣ.

ಪ್ರತಿ ಪಂದ್ಯದ ನಂತರ ರೇಟಿಂಗ್ ಎಷ್ಟು ಬದಲಾಗಬೇಕೆಂದು ಹೇಳುವ `K` ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಪ್ರತಿ ತಂಡಕ್ಕೂ ಬೇರೆ ಅಂಕ ಕೊಟ್ಟೆ. ಒಂದು ಸೀಸನ್‌ಗೆ ತವರಿನಲ್ಲಿ ಇಪ್ಪತ್ತರಷ್ಟೇ ಪಂದ್ಯ ಅಲ್ವಾ, ಅದು ಬರೀ ಏರಿಳಿತವನ್ನೇ ಕಲಿಯಿತು.

ಕೊನೆಗೆ ಕೆಲಸ ಮಾಡಿದ್ದು ಇದು. ಗೆಲುವಿಗೆ 1, ಡ್ರಾಗೆ 0.5 ಎಂದು ಹಿಡಿದು, ಲೀಗ್‌ನ ತವರು ತಂಡಗಳ ಸರಾಸರಿ `s` ತೆಗೆಯಿರಿ. ನಂತರ ಅದರಿಂದ ಬರುವ ತವರು ಅಂಕ `H_raw` ಅನ್ನು ಎಲ್ಲ ಲೀಗ್‌ಗಳ ಒಟ್ಟು ಸರಾಸರಿ `H_all` ಕಡೆಗೆ ಎಳೆಯಿರಿ:

```
H_raw = 400 * log10(s / (1 - s))
H = (n*H_raw + k*H_all) / (n + k)
```

`n` ಎಂದರೆ ಪಂದ್ಯಗಳ ಸಂಖ್ಯೆ. ಎಷ್ಟು ಬಲವಾಗಿ ಎಳೆಯಬೇಕು ಎನ್ನುವುದು `k`; ನಾನು `k = 600` ಇಟ್ಟೆ. ಉದಾಹರಣೆಗೆ 240 ಪಂದ್ಯಗಳಲ್ಲಿ `s = 0.65` ಬಂದರೆ `H_raw` ಸುಮಾರು 107.5. `H_all` 56 ಇದ್ದರೆ `H` 71ಕ್ಕೆ ಇಳಿಯುತ್ತದೆ. ಈ ಎಳೆತ ಬಿಟ್ಟರೆ ಚಿಕ್ಕ ಲೀಗ್‌ಗಳು ಸುಮ್ನೆ ಹಾರಾಡುತ್ತವೆ.

ಲೆಕ್ಕಕ್ಕೆ ಮೊದಲೇ ತಟಸ್ಥ ಮೈದಾನದ ಪಂದ್ಯಗಳನ್ನೂ, 2020ರಲ್ಲಿ ಪ್ರೇಕ್ಷಕರಿಲ್ಲದೆ ಆಡಿದವನ್ನೂ ಕೈಬಿಡಿ. ರೇಟಿಂಗ್ ನಡೆಸುವಾಗ ತವರು ತಂಡದ ರೇಟಿಂಗ್ `Rh`, ಎದುರಾಳಿಯ ರೇಟಿಂಗ್ `Ra` ಎಂದು ಹಿಡಿದು, ವ್ಯತ್ಯಾಸಕ್ಕೆ `Rh + H - Ra` ಬಳಸಿ, ತಟಸ್ಥ ಮೈದಾನಕ್ಕೆ `H = 0`. ಆಮೇಲೆ ಪ್ರತಿ ಲೀಗ್‌ನಲ್ಲೂ ನಿಜ ಫಲಿತಾಂಶದಿಂದ ಅಂದಾಜು ಕಳೆದು ಸರಾಸರಿ ನೋಡಿ. ದೊಡ್ಡ ಲೀಗ್‌ನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ `H` ಸ್ವಲ್ಪ ಸರಿಸಿ ಮತ್ತೆ ಓಡಿಸಿ. ನನಗೆ ಮೂರು ಸುತ್ತು ಸಾಕಾಯಿತು.