ಉಳ್ಳಾಗಡ್ಡಿ ಬೇರಿನಲ್ಲಿ ಅನಾಫೇಸ್ ನಿಂತಾಗ

ವಿಜಯಪುರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಕೋಶ ವಿಭಜನೆ ತೋರಿಸಲು ನಮಗೆ ಉಳ್ಳಾಗಡ್ಡಿಯ ಬೇರೇ ಸಾಕು. ಅದರಲ್ಲಿ ಕ್ರೋಮೋಸೋಮ್ 16 ಮಾತ್ರ, ಅದೂ ದೊಡ್ಡವು. ಬೇಸಿಗೆಯಲ್ಲಿ ಗಾಜಿನ ಲೋಟದ ನೀರು ಬಿಸಿಯಾಗಿ ಬೇರು ಕೊಳೆಯುತ್ತಿತ್ತು. ಆಮೇಲೆ ಲೋಟಗಳನ್ನು ಕುಡಿಯುವ ನೀರಿನ ಹರವಿಯ ಪಕ್ಕ ಇಟ್ಟೆ, ಸರಿಹೋಯಿತು.

ಒಂದು ವರ್ಷ ಮಕ್ಕಳಿಗೆ ಹೊಸದೇನಾದರೂ ತೋರಿಸೋಣ ಅಂತ ಬೇರುಗಳನ್ನು ಶೇಕಡಾ 0.05ರ ಕೊಲ್ಚಿಸಿನ್ ದ್ರಾವಣದಲ್ಲಿ ನಾಲ್ಕು ತಾಸು ಇಟ್ಟೆ. ಅದು ವಿಷ, ಕೈಗವಸು ಬೇಕೇ ಬೇಕು. ಆಮೇಲೆ ಎಂದಿನ ದಾರಿ: ಮೂರು ಪಾಲು ಆಲ್ಕೋಹಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ರಾತ್ರಿಯಿಡೀ ಇಡುವುದು, ಬೆಚ್ಚಗಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮೆತ್ತಗೆ ಮಾಡುವುದು, ಅಸಿಟೋಕಾರ್ಮಿನ್ ಬಣ್ಣ ಹಾಕಿ ಹೆಬ್ಬೆರಳಿನಿಂದ ಒತ್ತುವುದು.

"ಸರ್, ಒಂದೂ ಅನಾಫೇಸ್ ಕಾಣವಲ್ದು ನೋಡ್ರಿ," ಅಂದಳು ಒಬ್ಬ ಹುಡುಗಿ. ಒಂದೊಂದು ಕ್ರೋಮೋಸೋಮಿನ ಎರಡು ಪ್ರತಿಗಳು, ಅಂದರೆ ಕ್ರೊಮ್ಯಾಟಿಡ್‌ಗಳು, ಬೇರ್ಪಟ್ಟು ಎರಡು ಕಡೆಗೆ ಸರಿಯುವ ಹಂತವೇ ಅನಾಫೇಸ್. ಬರೀ ನೀರಲ್ಲಿಟ್ಟ ಬೇರಿನ ಸ್ಲೈಡಿನಲ್ಲಿ ಅಂಥ ಕೋಶಗಳು ಬೇಕಾದಷ್ಟು ಇದ್ದವು. ಕೊಲ್ಚಿಸಿನ್ ಸ್ಲೈಡಿನಲ್ಲಿ ಮಾತ್ರ ಗಿಡ್ಡ, ದಪ್ಪ ಕ್ರೋಮೋಸೋಮುಗಳು ಕೋಶದ ತುಂಬ ಚೆಲ್ಲಾಡಿದ್ದವು. "ಎಳೆಯೋ ಹಗ್ಗವೇ ಇಲ್ಲ, ಅದಕ್ಕೆ ನಿಂತಾವ," ಅಂತ ನಾನು ಸುಮ್ನೆ ಹೇಳಿಬಿಟ್ಟೆ.

ಆ ಉತ್ತರ ಅರ್ಧ ತಪ್ಪು. ಕೊಲ್ಚಿಸಿನ್ ಟ್ಯುಬುಲಿನ್ ಎಂಬ ಪ್ರೋಟೀನಿನ ಜೋಡಣೆಯನ್ನು ತಡೆಯುತ್ತದೆ, ಕ್ರೋಮೋಸೋಮುಗಳನ್ನು ಎಳೆಯುವ ಕದಿರಿನ ಎಳೆಗಳು ಕಟ್ಟುವುದಿಲ್ಲ, ಅದು ನಿಜ. ಆದರೆ ಹಗ್ಗ ಇಲ್ಲದಿದ್ದರೆ ಎಳೆಯುವುದು ನಿಲ್ಲಬೇಕು ಅಷ್ಟೇ. ಜೋಡಿ ಕ್ರೊಮ್ಯಾಟಿಡ್‌ಗಳನ್ನು ಅಂಟಿಸಿದ ಕೊಹೆಸಿನ್ ಯಾಕೆ ಉಳಿಯಬೇಕು? ಅದನ್ನು ಕತ್ತರಿಸುವ ಸೆಪರೇಸ್‌ಗೆ ಹಗ್ಗದ ಹಂಗಿಲ್ಲವಲ್ವಾ?

ಮತ್ತೆ ಸ್ಲೈಡ್ ತೆಗೆದು, ಈ ಸಲ ಎಣಿಸುವುದು ಬಿಟ್ಟು ಸೆಂಟ್ರೋಮಿಯರ್ ಜಾಗ ಮಾತ್ರ ನೋಡಿದೆ. ತೋಳುಗಳು ಬಿಚ್ಚಿಕೊಂಡಿವೆ, ನಡುವೆ ಮಾತ್ರ ಗಂಟು ಹಾಕಿದ ಹಾಗೆ ಕೂಡಿವೆ. ಒಂದೊಂದೂ ಗುಣಿಸು ಚಿಹ್ನೆಯಂತೆ. ಅಂದರೆ ಕೋಶ ಕತ್ತರಿಯನ್ನು ಇನ್ನೂ ಹಿಡಿದಿಟ್ಟಿದೆ. ಹಿಡಿಯುವುದು ಹೀಗೆ: ಸೆಂಟ್ರೋಮಿಯರ್ ಮೇಲೆ ಎಳೆಯನ್ನು ಹಿಡಿಯುವ ಜಾಗ ಕೈನೆಟೊಕೋರ್; ಎಳೆ ಸಿಗದ ಕೈನೆಟೊಕೋರ್ ಮೇಲೆ ಮ್ಯಾಡ್2 ಎಂಬ ಪ್ರೋಟೀನ್ ಕೂರುತ್ತದೆ, ಅಲ್ಲಿಂದ ತನ್ನ ಜೊತೆಗಾರರನ್ನು ಕೂಡಿಕೊಂಡು ಸಿಡಿಸಿ20 ಎಂಬ ಇನ್ನೊಂದು ಪ್ರೋಟೀನನ್ನು ಕಟ್ಟಿಹಾಕುತ್ತದೆ. ಸಿಡಿಸಿ20 ಬಿಡುಗಡೆಯಾಗದೆ ಸೆಕ್ಯೂರಿನ್ ನಾಶವಾಗುವುದಿಲ್ಲ. ಸೆಕ್ಯೂರಿನ್ ಇರುವ ತನಕ ಸೆಪರೇಸ್ ಸುಮ್ಮನಿರುತ್ತದೆ.

ಇದಕ್ಕೆ ಒಂದೇ ಒಂದು ಕೈನೆಟೊಕೋರ್ ಸಾಕು. 1995ರಲ್ಲಿ ರೀಡರ್ ಮತ್ತು ಸಂಗಡಿಗರು ಪಿಟಿಕೆ1 ಎಂಬ ಪ್ರಾಣಿ ಕೋಶಗಳಲ್ಲಿ ಎಳೆ ಸಿಗದೆ ಉಳಿದ ಕೊನೆಯ ಕೈನೆಟೊಕೋರನ್ನು ಲೇಸರ್‌ನಿಂದ ಸುಟ್ಟರು. ಆ ಕ್ರೋಮೋಸೋಮಿಗೆ ಇನ್ನೂ ಒಂದೇ ಕಡೆಯಿಂದ ಎಳೆ ಸಿಕ್ಕಿತ್ತು, ಆದರೂ ಸ್ವಲ್ಪ ಹೊತ್ತಿನಲ್ಲೇ ಕೋಶ ಅನಾಫೇಸ್‌ಗೆ ಹೋಯಿತು. ಕೂಗುವವರು ಇಲ್ಲವಾದರೆ ಗಾಡಿ ಬಿಟ್ಟೇ ಬಿಡುತ್ತದೆ.

ಕತ್ತರಿಯನ್ನು ಹಿಡಿದಿಡುವ ಈ ಕಾವಲು ಶಾಶ್ವತವಲ್ಲ. ಮರುದಿನದ ತನಕ ಕೊಲ್ಚಿಸಿನ್‌ನಲ್ಲೇ ಬಿಟ್ಟ ಬೇರಿನ ತುದಿ ಗುಂಡಾಗಿ ಊದಿತ್ತು. ಒಳಗೆ ಕೆಲವು ಕೋಶಗಳಲ್ಲಿ ಸೆಂಟ್ರೋಮಿಯರ್ ಗಂಟೂ ಬಿಚ್ಚಿ, ಕ್ರೊಮ್ಯಾಟಿಡ್‌ಗಳು ಅಕ್ಕಪಕ್ಕ ಎರಡು ಕಡ್ಡಿಗಳ ಹಾಗೆ ಬಿದ್ದಿದ್ದವು. 1938ರಲ್ಲೇ ಆಲ್ಬರ್ಟ್ ಲೆವಾನ್ ಉಳ್ಳಾಗಡ್ಡಿಯಲ್ಲಿ ನೋಡಿ ಇವನ್ನು ಸ್ಕೀ ಜೋಡಿಗೆ ಹೋಲಿಸಿದ್ದರು. (ಮನುಷ್ಯರಿಗೆ 46 ಕ್ರೋಮೋಸೋಮ್ ಅಂತ 1956ರಲ್ಲಿ ತೋರಿಸಿದ ಇಬ್ಬರಲ್ಲಿ ಇವರೂ ಒಬ್ಬರು.) ಎಳೆಯುವವರಿಲ್ಲದೆ ಎಲ್ಲವೂ ಒಂದೇ ನ್ಯೂಕ್ಲಿಯಸ್ಸಿಗೆ ಸೇರಿದರೆ 32 ಆಗುತ್ತದೆ. ಒಂದು ಕೋಶದಲ್ಲಿ ನಾವು ಮೂರು ಸಲ ಎಣಿಸಿದೆವು, ಮೂರು ಸಲವೂ 32.

ನನಗೆ ಜಾಸ್ತಿ ಕಾಡಿದ್ದು ಬೇರೆ ಸ್ಲೈಡ್. ನಾಲ್ಕು ತಾಸಿನ ಬೇರನ್ನು ಚೆನ್ನಾಗಿ ತೊಳೆದು, ಕೊಲ್ಚಿಸಿನ್ ಬೇಗ ಬಿಡದ ಕಾರಣ ಮರುದಿನದವರೆಗೆ ಬರೀ ನೀರಲ್ಲಿಟ್ಟಿದ್ದೆ. ಅನಾಫೇಸ್ ಮರಳಿ ಬಂದಿತ್ತು. ಆದರೆ ಒಂದು ಕೋಶದಲ್ಲಿ ಎರಡು ಗುಂಪು ಧ್ರುವಗಳಿಗೆ ಹೋಗಿದ್ದರೂ ನಡುವೆ ಒಂದು ಕ್ರೊಮ್ಯಾಟಿಡ್ ಒಂಟಿಯಾಗಿ ಉಳಿದಿತ್ತು. ಕಾವಲು ಇದನ್ನು ಹೇಗೆ ಬಿಟ್ಟಿತು?

ಇಂಥದಕ್ಕೆ ಸಾಮಾನ್ಯ ಕಾರಣ ಒಂದೇ ಕೈನೆಟೊಕೋರಿಗೆ ಎರಡೂ ಧ್ರುವಗಳಿಂದ ಎಳೆ ಸಿಕ್ಕಿರುವುದು. ಕದಿರು ಹೊಸದಾಗಿ ಕಟ್ಟುವಾಗ ಈ ತಪ್ಪು ಹೆಚ್ಚು. ಎಳೆಯಂತೂ ಸಿಕ್ಕಿದೆ, ಖಾಲಿ ಇಲ್ಲ, ಹಾಗಾಗಿ ಮ್ಯಾಡ್2 ಇಳಿದುಹೋಗುತ್ತದೆ. ಕಾವಲಿನ ಪ್ರಕಾರ ಎಲ್ಲವೂ ಸರಿ. ಇಂಥ ತಪ್ಪು ಎಳೆಗಳನ್ನು ಕಡಿದು ಮತ್ತೆ ಹಿಡಿಯಲು ಬಿಡುವುದು ಅರೋರಾ ಕೈನೇಸ್ ಎಂಬ ಕಿಣ್ವದ ಕೆಲಸ. ಅದೂ ಅನಾಫೇಸ್‌ಗೆ ಮುಂಚೆ ಮುಗಿಯದಿದ್ದರೆ ಹೀಗೆ ಒಂದು ಹಿಂದೆ ಬೀಳುತ್ತದೆ. ಅದು ತಪ್ಪು ಕಡೆ ಸೇರಿದರೆ 17 ಮತ್ತು 15, ಇಲ್ಲವೇ ಹೊರಗೇ ಉಳಿದು ಪುಟ್ಟ ನ್ಯೂಕ್ಲಿಯಸ್.

ಸ್ಥಿರ ಸ್ಲೈಡಿನಲ್ಲಿ ಎಳೆಗಳು ಕಾಣುವುದಿಲ್ಲ, ಆ ಕೋಶದಲ್ಲಿ ಇದೇ ಆಯಿತು ಅಂತ ಹೇಳಲಾರೆ. ಒತ್ತುವಾಗ ಜಾರಿದ ತುಂಡೂ ಹಾಗೆಯೇ ಕಾಣಬಹುದು. ಅದಕ್ಕೆ ಈಗ ಮುಂದಿನ ಹಂತದ ಕೋಶಗಳಲ್ಲಿ ಆ ಪುಟ್ಟ ನ್ಯೂಕ್ಲಿಯಸ್ ಹುಡುಕುತ್ತೇವೆ. ತುಂಡು ಜಾರಿದ್ದರೆ ಅದಕ್ಕೆ ದುಂಡನೆಯ ಅಂಚು ಇರುವುದಿಲ್ಲ.