ಎನರ್ಜಿ ಸಿಗ್ನಲ್, ಪವರ್ ಸಿಗ್ನಲ್: ನಾನು ಲೆಕ್ಕ ಮಾಡುವ ಕ್ರಮ

ಕಾರವಾರದಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ‘ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್’ ಪಾಠ ಹೇಳುವಾಗ, ಯಾವ ಸಿಗ್ನಲ್ ಯಾವ ಗುಂಪಿಗೆ ಸೇರುತ್ತದೆ ಎಂಬ ಪಟ್ಟಿಯನ್ನು ನಾನು ಬರೆಸುವುದಿಲ್ಲ. ಪಟ್ಟಿಯನ್ನು ಬಾಯಿಪಾಠ ಮಾಡಿದವರು, ಸಿಗ್ನಲ್ ಸ್ವಲ್ಪ ಬದಲಾದ ಕೂಡಲೇ ತಡವರಿಸುತ್ತಾರೆ. ಅದರ ಬದಲು ಒಂದೇ ಒಂದು ಮೊತ್ತವನ್ನು ಲೆಕ್ಕ ಹಾಕಿ, ಅದು ಹೇಗೆ ಬೆಳೆಯುತ್ತದೆ ಎಂಬುದನ್ನು ನೋಡುವ ಕ್ರಮವನ್ನು ರೂಢಿಸಿಕೊಂಡಿದ್ದೇನೆ. ಸಿಗ್ನಲ್‌ನ ವರ್ಗವನ್ನು −T ಯಿಂದ T ವರೆಗೆ ಇಂಟಿಗ್ರೇಟ್ ಮಾಡಿದಾಗ ಬರುವ ಮೊತ್ತವನ್ನು E(T) ಎಂದು ಕರೆಯೋಣ.

E(T) = ∫ |x(t)|² dt, −T ಯಿಂದ T ವರೆಗೆ

T ಯನ್ನು ಹಿಗ್ಗಿಸುತ್ತಾ ಹೋದಂತೆ ಈ ಮೊತ್ತವು ಒಂದು ಸೀಮಿತ ಬೆಲೆಗೆ ಬಂದು ನಿಂತರೆ ಅದು ಎನರ್ಜಿ ಸಿಗ್ನಲ್. ನಿಲ್ಲದೆ T ಯ ಅನುಪಾತದಲ್ಲೇ ಬೆಳೆಯುತ್ತಿದ್ದರೆ, 2T ಯಿಂದ ಭಾಗಿಸಿದಾಗ ಸೊನ್ನೆಯಲ್ಲದ ಸೀಮಿತ ಸರಾಸರಿ ಉಳಿಯುತ್ತದೆ, ಆಗ ಅದು ಪವರ್ ಸಿಗ್ನಲ್. T ಗಿಂತ ವೇಗವಾಗಿ ಬೆಳೆದರೆ, ಅಥವಾ ಎಲ್ಲೂ ನಿಲ್ಲದಿದ್ದರೂ T ಗಿಂತ ನಿಧಾನವಾಗಿ ಬೆಳೆದರೆ, ಆ ಸಿಗ್ನಲ್ ಎರಡರಲ್ಲಿ ಯಾವುದೂ ಅಲ್ಲ. ಈ ಮೂರನೆಯ ಸಾಧ್ಯತೆಯನ್ನು ಮೊದಲ ದಿನವೇ ಹೇಳದಿದ್ದರೆ, ಎನರ್ಜಿ ಅಲ್ಲದ್ದೆಲ್ಲವೂ ಪವರ್ ಎಂದು ವಿದ್ಯಾರ್ಥಿಗಳು ತೀರ್ಮಾನಿಸಿಬಿಡುತ್ತಾರೆ.

ಕುಗ್ಗುವ ಎಕ್ಸ್‌ಪೊನೆನ್ಶಿಯಲ್‌ಗೆ ನಾನು ಯಾವಾಗಲೂ ಲ್ಯಾಬಿನ ಕೆಪಾಸಿಟರನ್ನೇ ಆರಿಸಿಕೊಳ್ಳುತ್ತೇನೆ. 100 ಮೈಕ್ರೋಫ್ಯಾರಡ್ ಕೆಪಾಸಿಟರನ್ನು 5 ವೋಲ್ಟ್‌ಗೆ ಚಾರ್ಜ್ ಮಾಡಿ, 10 ಕಿಲೋಓಮ್ ರೆಸಿಸ್ಟರಿನ ಮೂಲಕ ಖಾಲಿ ಮಾಡಿದರೆ RC ಸರಿಯಾಗಿ 1 ಸೆಕೆಂಡ್ ಆಗುತ್ತದೆ. ಬಿಟ್ಟ ಕ್ಷಣವನ್ನು t = 0 ಎಂದು ಇಟ್ಟುಕೊಂಡರೆ ರೆಸಿಸ್ಟರಿನ ಮೇಲಿನ ವೋಲ್ಟೇಜ್ 5e^(−t) u(t). ಇಲ್ಲಿ u(t) ಎಂದರೆ t = 0 ಕ್ಕೆ ಮೊದಲು ಸೊನ್ನೆ, ಆಮೇಲೆ 1 ಆಗಿರುವ ಸ್ಟೆಪ್ ಸಿಗ್ನಲ್. ಅದರ ವರ್ಗ 25e^(−2t), ಆದ್ದರಿಂದ

E(T) = 12.5 (1 − e^(−2T))

T = 1 ಆದಾಗ ಇದು 10.81, T = 3 ಆದಾಗ 12.47, T = 5 ಆದಾಗ ಸುಮಾರು 12.499. ಮೊತ್ತವು 12.5 ರ ಹತ್ತಿರ ಬಂದು ನಿಲ್ಲುತ್ತಿರುವುದು ಕಣ್ಣಿಗೇ ಕಾಣುತ್ತದೆ. ಇಲ್ಲಿ ಏಕಮಾನ ಜೂಲ್ ಅಲ್ಲ, ವೋಲ್ಟ್ ವರ್ಗ ಗುಣಿಸು ಸೆಕೆಂಡ್. ಜೂಲ್ ಬೇಕೆಂದರೆ ರೆಸಿಸ್ಟೆನ್ಸ್‌ನಿಂದ ಭಾಗಿಸಬೇಕು: 12.5 ÷ 10,000 = 1.25 ಮಿಲಿಜೂಲ್. ಕೆಪಾಸಿಟರಿನಲ್ಲಿ ಮೊದಲು ಕೂಡಿಟ್ಟಿದ್ದ ಶಕ್ತಿಯನ್ನು ½CV² ಸೂತ್ರದಿಂದ ತೆಗೆದರೂ ಅದೇ 1.25 ಮಿಲಿಜೂಲ್ ಬರುತ್ತದೆ. ಎರಡು ಬೇರೆ ದಾರಿಗಳಲ್ಲಿ ಒಂದೇ ಅಂಕಿ ಬಂದಾಗ, ‘ಸಿಗ್ನಲ್‌ನ ಎನರ್ಜಿ’ ಎಂಬ ಮಾತು ಬರಿಯ ವ್ಯಾಖ್ಯೆಯಾಗಿ ಉಳಿಯುವುದಿಲ್ಲ.

ಇದೇ ಲೆಕ್ಕದಲ್ಲಿ u(t) ಯನ್ನು ಅಳಿಸಿ, 5e^(−t) ಎಂದಷ್ಟೇ ಬರೆದು ಮತ್ತೆ ಕೇಳುತ್ತೇನೆ. “ಕುಗ್ಗುತ್ತದಲ್ಲ ಸರ್, ಎನರ್ಜಿ ಸಿಗ್ನಲ್ಲೇ” ಎಂಬ ಉತ್ತರ ತರಗತಿಯಿಂದ ಬರದೆ ಇರುವುದು ಅಪರೂಪ. ಬಲಕ್ಕೆ ಕುಗ್ಗುವ ಈ ಸಿಗ್ನಲ್, ಸೊನ್ನೆಯಿಂದ ಎಡಕ್ಕೆ ಹೋದಂತೆ ಮಿತಿಯಿಲ್ಲದೆ ಏರುತ್ತದೆ. E(T) ಈಗ 12.5 (e^(2T) − e^(−2T)). T = 5 ಆದಾಗಲೇ ಇದು ಸುಮಾರು 2.75 ಲಕ್ಷ, ಅದನ್ನು 10 ರಿಂದ ಭಾಗಿಸಿದರೆ ಸರಾಸರಿ ಸುಮಾರು 27,500. T = 10 ಆದಾಗ ಸರಾಸರಿಯೇ ಮೂವತ್ತು ಕೋಟಿ ದಾಟುತ್ತದೆ. ಎನರ್ಜಿಯೂ ಅನಂತ, ಪವರ್ ಕೂಡ ಅನಂತ, ಹಾಗಾಗಿ ಇದು ಯಾವ ಗುಂಪಿಗೂ ಸೇರದು. ಎರಡು ಅಕ್ಷರಗಳ u(t) ಉತ್ತರವನ್ನೇ ಬದಲಿಸುವುದರಿಂದ, ಸಿಗ್ನಲ್ ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದನ್ನು ಗೆರೆ ಎಳೆದು ತೋರಿಸದೆ ಇಂಟಿಗ್ರೇಷನ್ ಆರಂಭಿಸಲು ನಾನು ಬಿಡುವುದಿಲ್ಲ.

ಸ್ಟೆಪ್ ಸಿಗ್ನಲ್‌ನ ಲೆಕ್ಕ ಚಿಕ್ಕದು. u(t) ಗೆ E(T) = T, 2T ಯಿಂದ ಭಾಗಿಸಿದರೆ ಪವರ್ ½. ಅಲೆಯ ಎತ್ತರ 1 ಇರುವಾಗ ಪವರ್ 1 ಏಕಲ್ಲ ಎಂದರೆ, ಸರಾಸರಿ ತೆಗೆಯುವ ಅವಧಿಯ ಎಡ ಅರ್ಧದಲ್ಲಿ ಸಿಗ್ನಲ್ ಸೊನ್ನೆಯಾಗಿದೆ. ಅದೇ ಕೆಪಾಸಿಟರನ್ನು ಅದೇ ರೆಸಿಸ್ಟರಿನ ಮೂಲಕ 5 ವೋಲ್ಟ್‌ಗೆ ಚಾರ್ಜ್ ಮಾಡುವಾಗ ಅದರ ಮೇಲಿನ ವೋಲ್ಟೇಜ್ 5(1 − e^(−t)) u(t), ಅಂದರೆ ಸ್ಟೆಪ್‌ನಿಂದ ಎಕ್ಸ್‌ಪೊನೆನ್ಶಿಯಲ್ ಕಳೆದದ್ದು. ವರ್ಗ ಮಾಡಿ ಇಂಟಿಗ್ರೇಟ್ ಮಾಡಿದರೆ, T ದೊಡ್ಡದಾದಾಗ E(T) ಸುಮಾರು 25(T − 1.5) ಆಗುತ್ತದೆ. 2T ಯಿಂದ ಭಾಗಿಸಿದಾಗ ಆ 1.5 ಕರಗಿಹೋಗಿ ಪವರ್ 12.5 ವೋಲ್ಟ್ ವರ್ಗ ಉಳಿಯುತ್ತದೆ. ಪವರ್ ಸಿಗ್ನಲ್‌ಗೆ ಎನರ್ಜಿ ಸಿಗ್ನಲ್ ಸೇರಿಸಿದರೂ ಕಳೆದರೂ ಪವರ್ ಬದಲಾಗುವುದಿಲ್ಲ ಎಂಬ ನಿಯಮ ಇಲ್ಲಿಯೇ ಸಿಕ್ಕಿಬಿಡುತ್ತದೆ. ಹಿಂದಿನ ಲೆಕ್ಕದಲ್ಲಿಯೂ 12.5 ಬಂದಿತ್ತು, ಆದರೆ ಅದು RC ಒಂದು ಸೆಕೆಂಡ್ ಆದದ್ದರ ಫಲ, ಅಂಕಿ ಒಂದಾದರೂ ಏಕಮಾನ ಬೇರೆ.

ಸೈನ್ ಅಲೆಗೆ, ಅಂದರೆ A cos(ωt) ಗೆ, E(T) = A²T + A² sin(2ωT)/(2ω). ಎರಡನೆಯ ಪದ ಎಷ್ಟೇ ತೊಯ್ದಾಡಿದರೂ A²/(2ω) ಎಂಬ ಮಿತಿಯನ್ನು ದಾಟದು, ಆದ್ದರಿಂದ 2T ಯಿಂದ ಭಾಗಿಸಿದಾಗ A²/2 ಮಾತ್ರ ಉಳಿಯುತ್ತದೆ. ಒಂದು ಆವರ್ತದ ಮೇಲೆ ಸರಾಸರಿ ತೆಗೆದರೆ ಇದೇ ಉತ್ತರ ಬೇಗ ಬರುತ್ತದೆ ನಿಜ, ಆದರೆ ಆ ಅಡ್ಡದಾರಿ ಎರಡೂ ಬದಿಗೆ ಕೊನೆಯಿಲ್ಲದೆ ಹಬ್ಬಿದ ಅಲೆಗೆ ಮಾತ್ರ ಸಲ್ಲುತ್ತದೆ. A cos(ωt) u(t) ಗೆ ಅದನ್ನು ಬಳಸಿದವರು A²/2 ಎಂದು ಬರೆಯುತ್ತಾರೆ, ಸರಿಯಾದ ಉತ್ತರ A²/4.

ಕಡಲ ಬದಿಯ ಮಕ್ಕಳಿಗೆ ಸೈನ್ ಅಲೆ ಎಂದಾಗ ನೆನಪಾಗುವುದು ಉಬ್ಬರ ಇಳಿತ. ಕಾರವಾರದಲ್ಲಿ ಒಂದೇ ದಿನದ ಎರಡು ಉಬ್ಬರಗಳು ಸಮನಾಗಿರುವುದಿಲ್ಲವಾದ್ದರಿಂದ ನಿಜವಾದ ಅಲೆ ಹಲವು ಆವರ್ತನಗಳ ಮೊತ್ತ. ಆದರೂ ಲೆಕ್ಕಕ್ಕಾಗಿ ಚಂದ್ರನ ಮುಖ್ಯ ಘಟಕವೊಂದನ್ನೇ, 12.42 ಗಂಟೆಯ ಆವರ್ತದ್ದನ್ನು, ತೆಗೆದುಕೊಂಡು ನೀರಿನ ಮಟ್ಟ 1.2 + 0.5 cos(ωt) ಮೀಟರ್ ಎಂದು ಭಾವಿಸುತ್ತೇವೆ. ಪವರ್ 1.44 + 0.125 = 1.565 ಮೀಟರ್ ವರ್ಗ. ಇದರಲ್ಲಿ 1.44 ರಷ್ಟು ಪಾಲು ಅಳತೆಯ ಸೊನ್ನೆಯನ್ನು ಎಲ್ಲಿ ಇಟ್ಟಿದ್ದೇವೆ ಎಂಬುದರಿಂದ ಬಂದದ್ದು. ಸರಾಸರಿ ಮಟ್ಟವನ್ನೇ ಸೊನ್ನೆ ಮಾಡಿಕೊಂಡರೆ ಪವರ್ 0.125 ಕ್ಕೆ ಇಳಿಯುತ್ತದೆ, ಸಮುದ್ರದಲ್ಲಿ ಏನೂ ಬದಲಾಗದಿದ್ದರೂ.

ನಾವು ಬರೆದಿಟ್ಟ ಯಾವುದೇ ದಾಖಲೆ ಸೀಮಿತ ಕಾಲದ್ದು, ಕಟ್ಟುನಿಟ್ಟಾಗಿ ನೋಡಿದರೆ ಅದು ಎನರ್ಜಿ ಸಿಗ್ನಲ್ಲೇ. ಪವರ್ ಸಿಗ್ನಲ್ ಆಗಿರುವುದು ಆ ದಾಖಲೆಯ ಹಿಂದೆ ನಾವು ಭಾವಿಸಿಕೊಂಡ ಕೊನೆಯಿಲ್ಲದ ಅಲೆ. ಆ ಅಲೆಯ ಪವರನ್ನು ದಾಖಲೆಯಿಂದ ಅಂದಾಜು ಮಾಡುವಾಗ ವಿದ್ಯಾರ್ಥಿಗಳು ಸಹಜವಾಗಿ 24 ಗಂಟೆಯ ಸರಾಸರಿ ತೆಗೆಯುತ್ತಾರೆ. ಉಬ್ಬರದ ತುದಿಯಿಂದ ಆರಂಭಿಸಿದರೆ ಈ ಸರಾಸರಿ 1.565 ರ ಬದಲು ಸುಮಾರು 1.52 ಬರುತ್ತದೆ, ಏಕೆಂದರೆ ಎರಡು ಪೂರ್ಣ ಆವರ್ತಗಳಿಗೆ 24.84 ಗಂಟೆ ಬೇಕು. ಸರಾಸರಿಯನ್ನು 24.84 ಗಂಟೆಗೆ ತೆಗೆದರೆ ತಪ್ಪು ಮಾಯವಾಗುತ್ತದೆ. ಆವರ್ತ ಗೊತ್ತಿಲ್ಲದಿದ್ದರೆ ದಾಖಲೆಯನ್ನು ಉದ್ದ ಮಾಡುವುದೇ ದಾರಿ, 30 ದಿನಗಳ ದಾಖಲೆಯಲ್ಲಿ ಇದೇ ತಪ್ಪು 0.004 ನ್ನು ಮೀರುವುದಿಲ್ಲ.